ಮಾಹೀರಾ ಹೊಡೆದುಹಾಕಿದ ಶಬ್ದ

ಸವಣೂರಿನ ನಮ್ಮ ವೀಳ್ಯದೆಲೆ ಬೆಳೆಗಾರರ ಸಂಘದಾಗ ಮಾಹೀರಾ ಅಂತ ಒಬ್ಬಾಕಿ ಅದಾಳ. ಸಂಶೋಧನಾ ಪತ್ರಿಕೆಯ ಉದ್ದನ್ನ ಲೇಖನ ಓದಿ, ಒಂದ ಪ್ಯಾರಾದಾಗ ಸಾರಾಂಶ ಬರದು ಬೋರ್ಡಿಗೆ ಹಚ್ಚೋದು ಆಕಿ ಕೆಲಸ. ಈ ಸಲದ ಲೇಖನ ಎಲೆ ಕೊಳೆರೋಗದ ಔಷಧದ ಮ್ಯಾಲೆ. ಆ ಔಷಧ ಮಾರಾವ ಆಕಿ ಖಾಸಾ ಅಣ್ಣ! ಅಣ್ಣನ ಪರವಾಗೇ ಬರೀತಾಳ ಅಂತ ನನಗ ಸಂಶಯ. ಸೀದಾ ಹೋಗಿ ಆಕಿ ಟೇಬಲ್ ಮುಂದ ಕುಂತೆ.

"ಲೇಖನ ತಗಿಯವಾ. ಒಂದೊಂದು ಮಾತೂ ತಾಳೆ ನೋಡೂಣು," ಅಂದೆ.

ಆಕಿ ಹದಿನಾಲ್ಕು ಪುಟ ಮುಂದಿಟ್ಟು ಓದಿ ಹೇಳಿದಳು. ಎರಡು ತೋಟದಾಗ, ಒಂದು ಹಂಗಾಮಿನ ಪ್ರಯೋಗ. ರೋಗ ಮೂರರಾಗ ಒಂದು ಪಾಲು ಕಡಿಮಿ ಆಗಿತ್ತು; ಇಳುವರಿಯಾಗ ಫರಕು ಕಂಡಿರಲಿಲ್ಲ. ಆಕಿ ಪ್ಯಾರಾದಾಗೂ ಅಷ್ಟ ಇತ್ತು. ಆದರ ಕರಡು ಪ್ರತಿಯಾಗ 'ಎರಡು ತೋಟ' ಅನ್ನೋದಕ್ಕಿಂತ ಮೊದಲು ಒಂದು ಶಬ್ದ ಹೊಡೆದುಹಾಕಿದ್ದಳು. ಸಿಕ್ಕಳು ಅಂತ ಹಾಳಿ ಬೆಳಕಿಗೆ ಹಿಡಿದೆ. 'ಬರೀ' ಅಂತಿತ್ತು.

"ಅಣ್ಣನ ಮಾಲು ಹಗುರ ಕಾಣ್ತದಂತ ತಗದಿಯೇನು?"

"ಅಣ್ಣನ ಕೂಡ ಮಾತು ಬಿಟ್ಟು ಆರು ವರ್ಷ ಆತ್ರಿ," ಅಂದಳು. "ಎರಡು ತೋಟ ಅನ್ನೋದು ಲೇಖನದಾಗ ಐತ್ರಿ. ಬರೀ ಅನ್ನೋದು ನನ್ನ ಸಿಟ್ಟು."