ಕೊರಳ ಹಗ್ಗ ಬಿಚ್ಚಿದ ಅಕ್ಕ

ದನ ಕಾಯುವವರಿಗೆ ಗಂಟಲು ದೊಡ್ಡದಿರಬೇಕು ಎನ್ನುತ್ತಾರೆ. ನಮ್ಮ ದನ ಕಾಯುವ ಅಕ್ಕ ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿಲ್ಲ. ಮೂವತ್ತು ವರ್ಷಗಳಿಂದ ಆಕೆಯದು ಒಂದೇ ಪದ್ಧತಿ: ಬಿಸಿಲೇರಿದಾಗ ತಾನು ಕುಳಿತರೆ ದನಗಳೂ ಮಲಗಬೇಕು, ತಾನು ಎದ್ದರೆ ಅವೂ ಏಳಬೇಕು. ಹಾಲಿನ ಸಂಘದ ಅಧ್ಯಕ್ಷರು ಇದನ್ನು ಸೋಮಾರಿತನದ ತರಬೇತಿ ಎನ್ನುತ್ತಿದ್ದರು. ಅವರು ಎದ್ದು ನಿಂತರೆ ಸಭೆಯಲ್ಲಿ ಒಬ್ಬರೂ ಏಳುವುದಿಲ್ಲ. ಆ ಹೊಟ್ಟೆಯುರಿಯೂ ಇದ್ದೀತು.

ಒಂದು ಬೆಳಗ್ಗೆ ಪೊದೆಗೆ ಮೂತಿ ಹಾಕಿದ್ದ ಅಧ್ಯಕ್ಷರ ಕೆಂಪು ಹಸು ತಟ್ಟನೆ ತಲೆ ಎಳೆದುಕೊಂಡಿತು. ಒಳಗೆ ದಪ್ಪನೆಯ ಹಾವು ಬುಸುಗುಟ್ಟಿತು. ಮೂತಿಯ ಮೇಲೆ ಎರಡು ಹನಿ ರಕ್ತ.

ಅಕ್ಕ ಹಾವಿನ ತಂಟೆಗೆ ಹೋಗಲಿಲ್ಲ. ಹಸುವನ್ನು ಹತ್ತೇ ಹೆಜ್ಜೆ ಈಚೆಗೆ, ನೆರಳಿಗೆ ತಂದಳು. ಮುಖದ ಹಗ್ಗ, ಕೊರಳ ಹಗ್ಗ ಎರಡನ್ನೂ ಬಿಚ್ಚಿದಳು. ಪಶುವೈದ್ಯೆಗೂ ಅಧ್ಯಕ್ಷರಿಗೂ ಫೋನ್ ಮಾಡಿದಳು. ಆಮೇಲೆ ಕುಳಿತಳು. ಹಸುವೂ ಕಾಲು ಮಡಚಿ ಕುಳಿತಿತು.

ಅಧ್ಯಕ್ಷರು ಎಣ್ಣೆ ಬಾಟಲಿ, ಬ್ಲೇಡು, ಹಗ್ಗ ಮತ್ತು ನಾಲ್ಕು ಮಂದಿ ಸಲಹೆಗಾರರ ಸಮೇತ ಓಡಿಬಂದರು.

"ಏಳ್ಸು! ಆಸ್ಪತ್ರೆಗೆ ನಡೆಸ್ಕೊಂಡು ಹೋಗೋಣ!"

"ನಡೆದಷ್ಟೂ ವಿಷ ಮೈಗೇರುತ್ತೆ ಅಣ್ಣ. ಡಾಕ್ಟ್ರಮ್ಮನೇ ಔಷಧಿ ತಗೊಂಡು ಬರ್ತಿದ್ದಾರೆ."

"ಹಾಗಾದ್ರೆ ಕೊಯ್ದು ವಿಷ ತೆಗೀತೀನಿ."

"ವಿಷ ಬರಲ್ಲ, ರಕ್ತ ಬರುತ್ತೆ. ನಿಲ್ಲೋದೂ ಇಲ್ಲ."

"ಎಣ್ಣೆನಾದ್ರೂ ಕುಡಿಸು!"

"ನುಂಗೋಕೆ ಆಗದೆ ಶ್ವಾಸಕೋಶಕ್ಕೆ ಇಳಿದ್ರೆ? ನಿಮ್ಮ ತಲೆಗೆ ಹಚ್ಕೊಳ್ಳಿ, ತಣ್ಣಗಾಗುತ್ತೆ."

ಸಲಹೆಗಾರರಲ್ಲೊಬ್ಬ ಕಿಸಕ್ಕೆಂದ. ಅಧ್ಯಕ್ಷರ ಕೈಯಲ್ಲಿನ್ನು ಹಗ್ಗವೊಂದೇ ಉಳಿದಿತ್ತು. "ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬೇಕು. ಅದು ನಿಯಮ!"

"ಕಚ್ಚಿರೋದು ಮೂತಿಗೆ," ಎಂದಳು ಅಕ್ಕ. "ಎಲ್ಲಿ ಕಟ್ತೀರಿ? ಕುತ್ತಿಗೆಗಾ? ಕಾಲಿಗೆ ಕಚ್ಚಿದ್ರೂ ಕಟ್ಟಬಾರ್ದು."

ಅಧ್ಯಕ್ಷರು ಹಗ್ಗವನ್ನೂ ಹಸುವನ್ನೂ ನೋಡಿದರು. ಹಗ್ಗವನ್ನು ತಮ್ಮ ಅಂಗೈಗೇ ಸುತ್ತಿಕೊಂಡರು.

ಅಷ್ಟರಲ್ಲಿ ಹಸುವಿನ ಮುಖ ಊದತೊಡಗಿತ್ತು. ಕೆನ್ನೆ ತುಂಬಿತು, ಕಣ್ಣು ಸಣ್ಣದಾಯಿತು, ಬಾವು ಗಂಟಲಿಗೆ ಇಳಿಯಿತು. ಸುತ್ತ ಇಪ್ಪತ್ತು ದನಗಳು ಮಲಗಿದ್ದವು. ಆ ಇಡೀ ಬಯಲು ಒಬ್ಬ ಹೆಂಗಸಿನ ಉಸಿರಿಗೆ ತಾಳ ಹಾಕುತ್ತಿದ್ದಂತಿತ್ತು. ಹಸು ನೋವಿಗೆ ಕೊಸರಿದಾಗ ಆಕೆ ಅದರ ಬೆನ್ನ ಮೇಲೆ ಅಂಗೈ ಇಟ್ಟಳು, ಅಷ್ಟೇ. ಅದು ಮತ್ತೆ ತಣ್ಣಗಾಯಿತು. ಸಲಹೆಗಾರರು ಒಬ್ಬೊಬ್ಬರಾಗಿ ಕುಳಿತರು. ಕೊನೆಗೆ ಅಧ್ಯಕ್ಷರೂ ಕುಳಿತರು.

ಪಶುವೈದ್ಯೆ ಬೈಕಿನಿಂದ ಇಳಿಯುತ್ತಲೇ ಕೇಳಿದರು: "ಎಷ್ಟೊತ್ತಾಯ್ತು?"

"ಹಾಲಿನ ವ್ಯಾನು ಹಾರ್ನ್ ಹೊಡೆದಾಗ ಕಚ್ಚಿದ್ದು," ಎಂದಳು ಅಕ್ಕ. " ಎಂಟೂವರೆ. ಆಗಿಂದ ಹಸು ಎದ್ದಿಲ್ಲ."

ರಕ್ತನಾಳಕ್ಕೆ ಸೂಜಿ ಚುಚ್ಚಿ, ವಿಷ ಇಳಿಸುವ ಔಷಧಿಯನ್ನು ಹನಿಹನಿಯಾಗಿ ಬಿಟ್ಟರು. ನಡುವೆ ಅಕ್ಕನ ಮಡಿಲಲ್ಲಿದ್ದ ಕೊರಳ ಹಗ್ಗ ತೆಗೆದು, ಮೊದಲು ಗಂಟಿದ್ದ ಎರಡು ಗುರುತುಗಳನ್ನು ಹಿಡಿದು, ಊದಿದ ಕುತ್ತಿಗೆಗೆ ಸುತ್ತಿ ನೋಡಿದರು. ಆ ಗುರುತುಗಳು ಕೂಡಲು ಒಂದು ಗೇಣು ಕಡಿಮೆ.

"ಇದು ಕೊರಳಲ್ಲೇ ಇದ್ದಿದ್ರೆ, ನಾನು ಬರೋವರೆಗೆ ಉಸಿರು ಇರ್ತಿರಲಿಲ್ಲ," ಎಂದರು.

ಆ ಒಂದು ಗೇಣನ್ನು ಅಧ್ಯಕ್ಷರು ಬಹಳ ಹೊತ್ತು ನೋಡಿದರು. ತಮ್ಮ ಕೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ಮೂರನೆಯ ದಿನ ಕೆಂಪು ಹಸು ಮೆಲುಕು ಹಾಕಿತು. ಕೊಟ್ಟಿಗೆಯಲ್ಲಿ ಅದರ ಪಕ್ಕ ಅಕ್ಕ ಕುಳಿತಿದ್ದಳು. ಒಳಗೆ ಬಂದ ಅಧ್ಯಕ್ಷರು ಭಾಷಣಕ್ಕೆಂದು ಗಂಟಲು ಸರಿಮಾಡಿಕೊಂಡವರು, ಅಕ್ಕನನ್ನು ನೋಡಿ ತಾವೂ ಹುಲ್ಲಿನ ಮೇಲೆ ಕುಳಿತುಬಿಟ್ಟರು.