ಬೀಯಿಂಗಾ, ಬೀನಾ?

ಆ ವರ್ಷ ಇಂಗ್ಲಿಷಿನ ಒಂದು ಪದ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಯಿಂಗ್. ನಾನಾಗ ಸುಂಟಿಕೊಪ್ಪದ ಹೈಸ್ಕೂಲಿನಲ್ಲಿ ಹಂಗಾಮಿ ಟೀಚರು. ನನ್ನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದು ಕೇಳಿದಾಗಲೆಲ್ಲ ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತ, "ಯುವರ್ ಕೇಸ್ ಈಸ್ ಬೀಯಿಂಗ್ ಕನ್ಸಿಡರ್ಡ್" ಎನ್ನುತ್ತಿದ್ದರು. ಪರಿಶೀಲಿಸಲಾಗುತ್ತಿದೆಯಂತೆ. ಪರಿಶೀಲಿಸುವ ಮಹಾನುಭಾವ ಯಾರು, ಎಲ್ಲಿ ಕೂತಿದ್ದಾನೆ, ಯಾವಾಗ ಮುಗಿಸುತ್ತಾನೆ? ಅದೊಂದೂ ಆ ವಾಕ್ಯದಲ್ಲಿ ಇರುತ್ತಿರಲಿಲ್ಲ. ಇದ್ದಿದ್ದರೆ ಸೀದಾ ಹೋಗಿ ಅವನ ಮೇಜಿನ ಮುಂದೆ ನಿಂತುಬಿಡುತ್ತಿದ್ದೆ.

ನನ್ನ ಅವಸರಕ್ಕೆ ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೊಡ್ಲಿಪೇಟೆಯಲ್ಲಿ ಸೋದರಮಾವನ ಮನೆಯ ಅಡಿಗೆಮನೆಯಲ್ಲೇ ವರ್ಷಗಳನ್ನು ಸವೆಸಿದ್ದಳು. ಅತ್ತೆಯ ಚುಚ್ಚುಮಾತು ಊಟದ ಜೊತೆಗೇ ಸಿಗುತ್ತಿತ್ತು. ನನಗೆ ಈ ಕೆಲಸ ಸಿಕ್ಕ ಮೇಲೆ ಅವಳನ್ನು ಕರೆತಂದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಕೆಲಸ ಹೋದರೆ ಅಮ್ಮ ಮತ್ತೆ ಅದೇ ಒಲೆಯ ಮುಂದೆ. ಸಾಲದ್ದಕ್ಕೆ, ಕೊಡಗು ರಾಜ್ಯ ಮೈಸೂರಿಗೆ ಸೇರುತ್ತದೆಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಸೇರಿದ ಮೇಲೆ ಹಂಗಾಮಿಯವರನ್ನು ಕೇಳುವವರೇ ಇರುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕ್ಲಾಸಿನಲ್ಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿಕೊಂಡೇ ಪಾಠ ಮಾಡುತ್ತಿದ್ದೆ.

ಪಾಠವೋ, ನನ್ನ ಗ್ರಹಚಾರಕ್ಕೆ, ಪ್ಯಾಸಿವ್ ವಾಯ್ಸ್. ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವುದು. 'ದೇ ಪಿಕ್ ಕಾಫಿ' ಎಂಬುದು 'ಕಾಫಿ ಈಸ್ ಪಿಕ್ಡ್' ಆಗುವುದು, 'ಪಿಕ್ಡ್' ಇದ್ದರೆ 'ವಾಸ್ ಪಿಕ್ಡ್' ಆಗುವುದು, 'ವಿಲ್ ಪಿಕ್' ಇದ್ದರೆ 'ವಿಲ್ ಬಿ ಪಿಕ್ಡ್' ಆಗುವುದು, ಇಷ್ಟು ಮಕ್ಕಳಿಗೆ ಸಲೀಸಾಗಿ ಬಂತು. ಮುಂದಕ್ಕೆ ಗಾಡಿ ಹೂತುಕೊಂಡಿತು. ಬೀಯಿಂಗ್ ಎಲ್ಲಿ, ಬೀನ್ ಎಲ್ಲಿ? ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು ಆಡುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ. ಎಲ್ಲರ ಬಾಯಲ್ಲೂ ಎರಡು ಪದಗಳೂ 'ಬೀಇನ್' ಎಂದೇ ಹೊರಡುತ್ತಿದ್ದವು. 'ಕಾಫಿ ಹ್ಯಾಸ್ ಬೀಯಿಂಗ್ ಪಿಕ್ಡ್' ಎಂದು ಒಬ್ಬ ಬರೆದರೆ ಇನ್ನೊಬ್ಬ 'ಈಸ್ ಬೀನ್ ಪಿಕ್ಡ್' ಎಂದು ಬರೆಯುತ್ತಿದ್ದ. ತಿದ್ದಿ ತಿದ್ದಿ ನನ್ನ ತಾಳ್ಮೆ ಹರಿದುಹೋಯಿತು.

ಒಂದು ದಿನ ಸಿಟ್ಟಿನಲ್ಲಿಯೇ ಕನ್ನಡಕ್ಕಿಳಿದೆ. ತೋಟದಲ್ಲಿ ಕೊಯ್ಲು ನಡೀತಾ ಇದ್ದರೆ ನಿಮ್ಮನೇಲಿ ಏನಂತೀರಿ ಎಂದು ಕೇಳಿದೆ. "ಕೊಯ್ಲು ಆಗ್ತಾ ಇದೆ," ಎಂದರು. ಮುಗಿದಿದ್ದರೆ? "ಆಗಿದೆ." ಅಷ್ಟೇ ಕಣ್ರೋ, 'ಆಗ್ತಾ' ಇದ್ದಲ್ಲಿ ಬೀಯಿಂಗ್, 'ಆಗಿ' ಇದ್ದಲ್ಲಿ ಬೀನ್ ಎಂದೆ. ಆಗ್ತಾ ಇದೆ, ಈಸ್ ಬೀಯಿಂಗ್ ಪಿಕ್ಡ್. ಆಗ್ತಾ ಇತ್ತು, ವಾಸ್ ಬೀಯಿಂಗ್ ಪಿಕ್ಡ್. ಆಗಿದೆ, ಹ್ಯಾಸ್ ಬೀನ್ ಪಿಕ್ಡ್. ಆಗಿತ್ತು, ಹ್ಯಾಡ್ ಬೀನ್ ಪಿಕ್ಡ್. ನಾಳೆ ಹೊತ್ತಿಗೆ ಆಗಿರುತ್ತೆ, ವಿಲ್ ಹ್ಯಾವ್ ಬೀನ್ ಪಿಕ್ಡ್. ಮಕ್ಕಳು ರಾಗ ಎಳೆದು ಹೇಳತೊಡಗಿದರು. ನನಗೂ ಹುರುಪು ಬಂತು. ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಹೇಳುವ ಅಗತ್ಯವಿಲ್ಲದಿದ್ದರೆ, ಕೊನೆಗೆ 'ಬೈ' ಎಂದು ಅವರ ಹೆಸರು ಜೋಡಿಸುವುದು ಬೇಡ ಎಂದೂ ಹೇಳಿಕೊಟ್ಟೆ.

ಆ ರಾಗ ಹೆಡ್‌ಮಾಸ್ಟರ ಕೋಣೆಗೆ ಮುಟ್ಟಿತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಕೇಳಿಸಕೂಡದೆಂದು ಮೊದಲೇ ತಾಕೀತು ಮಾಡಿದ್ದವರು ಅವರು. ಮಕ್ಕಳ ಮುಂದೆಯೇ ನನ್ನನ್ನು ಗದರಿಸಿದರು. ಇನ್ಸ್‌ಪೆಕ್ಟರು ಮಡಿಕೇರಿಯಿಂದ ಬರುವವರಿದ್ದಾರೆ, ನಿಮ್ಮ ಕೇಸು ಅವರ ಮಾತಿನ ಮೇಲೆ ನಿಂತಿದೆ, ಈ 'ಆಗ್ತಾ', 'ಆಗಿ' ಎಲ್ಲ ಅವರ ಕಿವಿಗೆ ಬಿದ್ದರೆ ನಾನು ಹೊಣೆಯಲ್ಲ ಎಂದರು. ಅವತ್ತಿನಿಂದ ಮನೆಯಲ್ಲಿ ಅಮ್ಮ ಪಾತ್ರೆಗಳನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಇನ್ಸ್‌ಪೆಕ್ಟರು ಬಂದರು. ಕೋಟು, ಪೇಟ, ನಗು ಕಾಣದ ಮುಖ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ಮಕ್ಕಳು ಒಂದೊಂದೇ ವಾಕ್ಯ ತಪ್ಪಿಲ್ಲದೆ ತಿರುಗಿಸಿದರು. ಆಗ ಇನ್ಸ್‌ಪೆಕ್ಟರು ಸೀಮೆಸುಣ್ಣ ತೆಗೆದುಕೊಂಡು, ಬೆಳಗಿನಿಂದ ಕಾಫಿ ಕೊಯ್ಯುತ್ತಲೇ ಇದ್ದಾರೆ ಎಂಬರ್ಥದ ವಾಕ್ಯ ಬರೆದರು: 'ದೇ ಹ್ಯಾವ್ ಬೀನ್ ಪಿಕಿಂಗ್ ಕಾಫಿ ಸಿನ್ಸ್ ಮಾರ್ನಿಂಗ್.' ಬೇಕಂತಲೇ ತೋಡಿದ ಗುಂಡಿ ಅದು. ಆ ಕಾಲರೂಪವನ್ನು ಶಾಲೆಯ ವ್ಯಾಕರಣದಲ್ಲಿ ಕರ್ಮಣಿಗೆ ತಿರುಗಿಸುವುದೇ ಇಲ್ಲ. ನಾನದನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಬೆಂಚಿನ ಹುಡುಗಿ ಎದ್ದಳು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರ ಮಗಳು. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. "ನೋ ಪ್ಯಾಸಿವ್, ಸರ್" ಎಂದಳು. ಯಾಕೆ ಎಂದು ಅವರು ಕೇಳಿದರು. ಅವಳ ಇಂಗ್ಲಿಷ್ ಅಲ್ಲಿಗೆ ಖಾಲಿ.

"ಬೀನೂ ಹಾಕಬೇಕು, ಬೀಯಿಂಗೂ ಹಾಕಬೇಕು ಸಾರ್. ಹ್ಯಾಸ್ ಬೀನ್ ಬೀಯಿಂಗ್ ಪಿಕ್ಡ್. ಅದು ಆಗಿ ಆಗ್ತಾ ಇದೆ ಅಂದಂಗೆ. ಹಂಗೆ ಯಾರು ಮಾತಾಡ್ತಾರೆ?"

ಹೆಡ್‌ಮಾಸ್ಟರು ನನ್ನನ್ನು ನುಂಗುವ ಹಾಗೆ ನೋಡಿದರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಕೊಡ್ಲಿಪೇಟೆಗೆ ವಾಪಸು ಹೊರಟ ಅಮ್ಮನ ಟ್ರಂಕು ಕಣ್ಣ ಮುಂದೆ ಬಂತು.

"ಬೈ ಹೂಮ್ ವರ್ ಯು ಟಾಟ್ ದಿಸ್?" ಇನ್ಸ್‌ಪೆಕ್ಟರು ಕೇಳಿದರು. ಇದನ್ನು ನಿನಗೆ ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆ, ಅದೂ ಕರ್ಮಣಿಯಲ್ಲಿ.

ಹುಡುಗಿ ನನ್ನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಹೆಡ್‌ಮಾಸ್ಟರು ನನ್ನನ್ನು ಗದರಿಸಿದಾಗ ಅವಳೂ ಅಲ್ಲೇ ಇದ್ದವಳಲ್ಲವೇ?

"ವಿ ವರ್ ಟಾಟ್, ಸರ್."

"ಬೈ ಹೂಮ್?"

"ದ ಡೂಅರ್ ಈಸ್ ನಾಟ್ ನೋನ್, ಸರ್."

ಮಾಡಿದವರು ಯಾರೆಂದು ಗೊತ್ತಿಲ್ಲವಂತೆ! ನಾನು ಹೇಳಿಕೊಟ್ಟ ನಿಯಮವನ್ನೇ ನನ್ನ ಮುಂದೆ ಪರದೆಯಂತೆ ಎಳೆದುಬಿಟ್ಟಿದ್ದಳು ಆ ಚೋಟುದ್ದದ ಹುಡುಗಿ. ಇನ್ಸ್‌ಪೆಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಟುಹೋದರು. ನಾನು ಸ್ಟಾಫ್ ರೂಮಿಗೆ ಹೋಗಿ ಕದ ಹಾಕಿಕೊಂಡು ಅತ್ತೆ.

ಆಮೇಲಿನ ವಾರಗಳು ಮತ್ತೆ ಅದೇ ಬೀಯಿಂಗ್. ಮೈಸೂರಿಗೆ ಸೇರುವ ದಿನ ಹತ್ತಿರವಾಗುತ್ತಿತ್ತು. ನನ್ನ ಮುಖ ನೋಡಿ ಆ ಹುಡುಗಿ ಒಂದು ದಿನ ಕಾರಿಡಾರಿನಲ್ಲಿ ಮೆಲ್ಲಗೆ, "ಟೀಚರ್, ನಿಮ್ಮ ಕೆಲಸ ಬೀಯಿಂಗಾ, ಬೀನಾ?" ಎಂದಳು. ಊರಿಗೆಲ್ಲ ಗೊತ್ತಾಗಿದೆ ನನ್ನ ಪಾಡು ಎಂದು ರೇಗಿತು. "ಬೀಯಿಂಗ್. ಹೋಗಿ ಓದ್ಕೋ ಹೋಗು" ಎಂದು ಗದರಿದೆ.

ಕೊನೆಗೊಂದು ಮಧ್ಯಾಹ್ನ ಹೆಡ್‌ಮಾಸ್ಟರು ಕರೆಸಿದರು. ಕನ್ನಡಕ ಒರೆಸಲಿಲ್ಲ. "ಯು ಹ್ಯಾವ್ ಬೀನ್ ಕನ್‌ಫರ್ಮ್ಡ್," ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಆ ಕ್ಲಾಸಿನ ಪ್ಯಾಸಿವ್ ವಾಯ್ಸ್ ಇಡೀ ಕೊಡಗಿನಲ್ಲೇ ಚೆನ್ನಾಗಿದೆ ಅಂತ ಇನ್ಸ್‌ಪೆಕ್ಟರು ಹೇಳಿಹೋಗಿದ್ದರು ಎಂದು ಸೇರಿಸಿದರು. ಇನ್ನು ಮುಂದೆ ಕನ್ನಡದಲ್ಲಿ ಹೇಳಿಕೊಡುವುದಾದರೆ ಕಿಟಕಿ ಮುಚ್ಚಿಕೊಳ್ಳಬೇಕಂತೆ.

ನಾನು ಮನೆಗೆ ಓಡಬೇಕಿತ್ತು, ಅಮ್ಮನಿಗೆ ಹೇಳಬೇಕಿತ್ತು. ಕಾಲು ಕ್ಲಾಸಿನ ಕಡೆಗೇ ಹೋಯಿತು. ಹುಡುಗಿ ನನ್ನನ್ನು ಕಂಡದ್ದೇ ಎದ್ದು ನಿಂತಳು. ಕೇಳಲು ಮಾತ್ರ ಹೆದರಿದಳೆಂದು ಕಾಣುತ್ತದೆ.

"ಬೀನ್," ಎಂದೆ.

ಅವಳ ಮುಖ ಅರಳಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಬೈ ಯಾರು, ಟೀಚರ್?"

ಗೊತ್ತಿದ್ದರೆ ಹೆಸರು ಹೇಳಲೇಬೇಕಾದ ಜಾಗಗಳೂ ಇರುತ್ತವೆ.

"ಬೈ ಯು," ಎಂದೆ.