ಫೋಟೊದಲ್ಲಿ ಬದಲಾದ ಮದುಮಗಳು

ಮಣ್ಣೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಾಗ ಕ್ಷೇಮ ಸಮಾಚಾರ ಇರಲಿಲ್ಲ, ನೇರ ಪ್ರಶ್ನೆಯೇ ಇತ್ತು.

"ಮಾಮಾ, ಫೋಟೊದಾಗ ನನ್ನ ಬೆಳ್ಳಗ ಮಾಡ್ರಿ ಅಂತ ಈ ಮನ್ಯಾಗ ಯಾರರ ಹೇಳ್ಯಾರೇನು? ಖರೇ ಹೇಳು."

ಆಕೆಯ ಮದುವೆಯಾಗಿ ಎರಡು ತಿಂಗಳಾಗಿತ್ತು. ಗಂಡನ ಮನೆಯ ಪಡಸಾಲೆಯಲ್ಲಿ ಅವನ ಅಜ್ಜ ಅಜ್ಜಿಯ ಮದುವೆ ಫೋಟೊ ಇದೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಸ್ಟುಡಿಯೊದವರು ತೆಗೆದ ಕಲರ್ ಫೋಟೊ ಅದು. ಕಪ್ಪು ಈಗ ಕಂದಾಗಿದೆ, ಹಸಿರು ಸೀರೆ ಬೂದಿ ಬಣ್ಣಕ್ಕೆ ತಿರುಗಿದೆ, ಇಡೀ ಚಿತ್ರದ ಮೇಲೆ ಸಣ್ಣ ರವೆ ಚೆಲ್ಲಿದಂತೆ ಕಾಣುತ್ತದೆ. ಅದರ ಪಕ್ಕಕ್ಕೆ ತನ್ನದೂ ಅದೇ ಬಣ್ಣದಲ್ಲಿ ಇರಲಿ ಎಂಬುದು ಆಕೆಯದೇ ಆಸೆ. ಮಾಮನ ಉಡುಗೊರೆ ಎಂದು ನಾನು ಒಪ್ಪಿಕೊಂಡೆ. ಮದುವೆ ಫೋಟೊ ತೆಗೆದ ಜೇವರ್ಗಿಯ ಸ್ಟುಡಿಯೊಗೆ ಹೋಗಿ ಹೇಳಿದ್ದೆ: ಬಣ್ಣ ಮಾಸಿರಲಿ, ರವೆಯಂಥ ಗ್ರೇನ್ ಇರಲಿ, ಮುಖ ಮಾತ್ರ ಇದ್ದಂಗ ಇರಲಿ. ಕಟ್ಟು ಹಾಕಿದ ಫೋಟೊ ನನ್ನ ಕೈಗೆ ಬರದೆ ನೇರ ಮಣ್ಣೂರಿಗೆ ಹೋಗಿತ್ತು.

ಆಕೆ ಮೊಬೈಲಿಗೆ ಕಳಿಸಿದ್ದನ್ನು ಆಳಂದದ ನನ್ನ ಮನೆಯಲ್ಲಿ ಕುಳಿತು ನೋಡಿದೆ. ಬಣ್ಣ ಕೇಳಿದ ಹಾಗೆಯೇ ಬಂದಿತ್ತು. ವರ ವರನೇ ಆಗಿದ್ದ. ಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆಯೂ ಇತ್ತು. ಬಾಸಿಂಗದ ಕೆಳಗೆ ನಗುತ್ತಿದ್ದ ಹೆಣ್ಣು ಮಾತ್ರ ಬೇರೆ ಯಾರೋ. ಮೈಬಣ್ಣ ತಿಳಿಯಾಗಿತ್ತು, ಮೂಗು ಸಣ್ಣದಾಗಿತ್ತು, ಒಂದರ ಮೇಲೊಂದು ಏರಿದ ಮುಂದಿನ ಹಲ್ಲುಗಳು ಸಾಲಾಗಿ ನಿಂತಿದ್ದವು. ನಮ್ಮ ಹುಡುಗಿ ನಗುವಾಗ ಮೊದಲು ಕಾಣುವುದೇ ಆ ಹಲ್ಲು. ಅದು ನಮ್ಮ ಅವ್ವನ ಹಲ್ಲು.

ಸಿಟ್ಟು ಬಂದಿತ್ತು. ಆದರೂ ಕೇಳದೆ ಯಾರ ಮೇಲೂ ಹಾಕಬಾರದೆಂದು ಮರುದಿನ ಜೇವರ್ಗಿಗೆ ಹೋದೆ.

"ಬರ್ರಿ ಸರ, ಫೋಟೊ ಭಾರಿ ಬಂದದಲ್ರಿ?" ಎಂದ ಸ್ಟುಡಿಯೊದ ಮಾಲೀಕ.

"ಫೈಲ್ ತೆಗೀರಿ."

ತೆಗೆದ. ಎಐಗೆ ಫೋಟೊ ಕೊಟ್ಟು ಎಪ್ಪತ್ತರ ಲುಕ್ ಕೇಳಿದ್ದಾಗಿ ಹೇಳಿದ. ಅದು ಇದ್ದ ಚಿತ್ರದ ಮೇಲೆ ಬಣ್ಣ ಬಳಿಯುವುದಿಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬರೆಯುತ್ತದೆ. "ಮುಖ ಬದಲಿಸಬ್ಯಾಡ ಅಂತ ಬರದ್ರೂ ಬದಲಾಗ್ತದ್ರಿ. ಇಬ್ಬರದೂ ಬದಲಾಗಿತ್ತು."

"ಮತ್ತ ಹುಡುಗನ ಮುಖ ಹೆಂಗ ಉಳೀತು?"

ಉತ್ತರ ಪರದೆಯ ಮೇಲೇ ಇತ್ತು. ಕೆಳಗಿನ ಪದರ ಎಐ ಬರೆದ ಚಿತ್ರ. ಅದರ ಮೇಲೆ ಅದೇ ಬಣ್ಣಕ್ಕೆ ಹೊಂದಿಸಿದ ಮೂಲ ಫೋಟೊ. ಮೂಲವನ್ನು ಮುಚ್ಚಿದ ಕಪ್ಪು ಮಾಸ್ಕಿನಲ್ಲಿ ಒಂದೇ ಒಂದು ಬಿಳಿ ಕಿಂಡಿ. ಆ ಕಿಂಡಿಯಲ್ಲಿ ಮಾತ್ರ ಮೂಲ ಫೋಟೊ ಕಾಣುತ್ತದೆ. ಕಿಂಡಿ ವರನ ಮುಖದ ಆಕಾರದಲ್ಲಿತ್ತು.

"ನಮ್ಮ ಹುಡುಗ ಇವ ಅಲ್ಲ ಅಂತ ಬೀಗರು ಜಗಳಕ್ಕ ಬರ್ತಾರಂತ ವಾಪಸ್ ತಂದೀನ್ರಿ."

"ಹುಡುಗೀದು?"

"ಆಕಿ ಚಲೋ ಕಾಣಾಕತ್ತಿದ್ಳಲ್ರಿ!"

"ಹಂಗ ಮಾಡ್ರಿ ಅಂತ ಯಾರು ಹೇಳಿದ್ರು?"

"ಯಾರ ಹೇಳಬೇಕ್ರಿ? ಮದುಮಗಳಿಗೆ ಎಲ್ಲಾರಿಗೂ ಹಿಂಗೇ ಮಾಡ್ತೀವಿ. ಇಷ್ಟ ವರ್ಷದಾಗ ನೀವೊಬ್ರೇ ಕೇಳಾಕ ಬಂದವ್ರು."

ಆ ಬಿಳಿ ಕಿಂಡಿಯನ್ನು ನೋಡುತ್ತಾ ಕುಳಿತೆ. ಯಂತ್ರ ಇಬ್ಬರನ್ನೂ ಸಮನಾಗಿ ಕೆಡಿಸಿತ್ತು. ಒಬ್ಬನನ್ನು ಉಳಿಸಿ ಒಬ್ಬಳನ್ನು ಬಿಟ್ಟಿದ್ದು ಈ ಮನುಷ್ಯನ ಕೈ. ಎರಡನೆಯ ಮುಖಕ್ಕೆ ಇನ್ನೈದು ನಿಮಿಷ ಸಾಕಿತ್ತು.

"ಎಐದು ಅಳಿಸ್ರಿ. ಮೂಲ ಫೋಟೊದಿಂದ ಶುರು ಮಾಡ್ರಿ. ನಾ ಇಲ್ಲೇ ಕುಂದರ್ತೇನಿ."

ಗೊಣಗುತ್ತಲೇ ಮಾಡಿದ. ಕೆಲಸ ಬಲ್ಲವನು, ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಕಾಂಟ್ರಾಸ್ಟ್ ಇಳಿಸಿ ಕಪ್ಪನ್ನು ಕಂದಿಗೆ ಎತ್ತಿದ, ಬಣ್ಣಗಳನ್ನು ಮಾಸಲು ಮಾಡಿದ, ಬೆಳಕಿಗೆ ಕೆಂಪು ಹಳದಿ ಬೆರೆಸಿದ. ಆಕೆಯ ಕಪ್ಪು ಮೈಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಇಬ್ಬರ ಮುಖದ ಮೇಲೂ ಆ ಬಣ್ಣದ ಪದರವನ್ನು ಅರ್ಧಕ್ಕೆ ತಗ್ಗಿಸಿದ. ಪೂರ್ತಿ ತೆಗೆದರೆ ಮುಖ ಕತ್ತರಿಸಿ ಅಂಟಿಸಿದಂತೆ ಕಾಣುತ್ತದಂತೆ. ಎಲ್ಲಕ್ಕೂ ಕೊನೆಗೆ, ಮುಖವನ್ನೂ ಬಿಡದೆ, ಬಣ್ಣವಿಲ್ಲದ ಗ್ರೇನ್ ಹರಡಿದ.

"ಹಲ್ಲರ ಸರಿ ಮಾಡ್ಲೇನ್ರಿ?"

"ಮುಟ್ಟಬ್ಯಾಡ್ರಿ."

ಪ್ರಿಂಟ್ ತೆಗೆದುಕೊಂಡು ಅಂದೇ ಮಣ್ಣೂರಿಗೆ ಹೋದೆ. ಆಕೆಯ ಅತ್ತೆ ಮೊದಲಿನ ಫೋಟೊ ಇಳಿಸಿ, "ಇದು ಬಂದಾಗಿಂದ ಈಕಿ ಮಾತೇ ಬಿಟ್ಟಾಳ ನೋಡ್ರಿ ಅಣ್ಣಾರ. ಏನಾತವ್ವ ಅಂದ್ರ ಏನಿಲ್ಲ ಅಂತಾಳ," ಎಂದರು. ಹೊಸದನ್ನು ನೋಡಿ, "ಹಾಂ, ಇವ್ಳು ನಮ್ಮ ಸೊಸಿ," ಎಂದು ಚಹಾ ಮಾಡಲು ಒಳಗೆ ಹೋದರು.

ಆಕೆ ಫೋಟೊದ ಹಲ್ಲಿನ ಮೇಲೆ ಬೆರಳಿಟ್ಟು ನಿಂತಿದ್ದಳು. ನಾನು ಇದ್ದದ್ದನ್ನೇ ಹೇಳಿದೆ. "ಈ ಮನ್ಯಾಗ ಯಾರೂ ಹೇಳಿಲ್ಲವ್ವ. ಎಲ್ಲೂ ಯಾರೂ ಹೇಳಿಲ್ಲ. ಅವ ತಾನ ಮಾಡ್ಯಾನ."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಕೆ ತಿರುಗಿ ನೋಡಿದಳು.

"ಯಾರರ ಹೇಳಿದ್ರ ಅವರ ಜೋಡಿ ಜಗಳಾರ ಆಡ್ತಿದ್ದೆ ಮಾಮಾ. ಈಗ ಯಾರ ಜೋಡಿ ಆಡ್ಲಿ?"